ಕೂಡಲೆ ಕೊಲ್ಲುವ ವಿಷ, ಬೆಳೆಯಲು ಬಿಡದ ಔಷಧಿ

(ಮಹಿಳಾ ಸಂಘದ ಸಭೆಯಲ್ಲಿ ಆಡಿದ ಮಾತು)



ಇವತ್ತು ನಾವು ಭತ್ತದ ಗದ್ದೆಯ ಒಂದು ಸಣ್ಣ ಹುಳುವಿನ ವಿಷಯ ಮಾತಾಡೋಣ. ಅದಕ್ಕೆ ಹೊಡೆಯುವ ಎರಡು ತರಹದ ಔಷಧಿಯ ವಿಷಯವನ್ನೂ ಮಾತಾಡೋಣ. ಒಂದು ಔಷಧಿ ಹುಳುವನ್ನು ಕೂಡಲೆ ಕೊಲ್ಲುತ್ತದೆ. ಇನ್ನೊಂದು ಕೂಡಲೆ ಕೊಲ್ಲುವುದಿಲ್ಲ. ಹುಳು ಬೆಳೆಯದಂತೆ ಮಾಡುತ್ತದೆ. ಅಂಗಡಿಯಲ್ಲಿ ಎರಡೂ ಒಂದೇ ಸಾಲಿನಲ್ಲಿ ಕೂತಿರುತ್ತವೆ. ಎರಡಕ್ಕೂ ನಾವು ಔಷಧಿ ಅಂತಲೇ ಅಂತೀವಿ. ಆದರೆ ಎರಡರ ಕೆಲಸ ಬೇರೆ ಬೇರೆ. ಇದು ತಿಳಿಯದೆ ಹೋದರೆ ದುಡ್ಡೂ ಹೋಗುತ್ತದೆ, ಪೈರೂ ಹೋಗುತ್ತದೆ.

ಮೊದಲು ರೇಷ್ಮೆ ಹುಳುವಿನಿಂದ ಶುರು ಮಾಡೋಣ.

ಹುಳುವಿನ ಜ್ವರ

ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಒಂದೇ ಊರಿನಲ್ಲಿ ಭತ್ತವೂ ಉಂಟು, ರೇಷ್ಮೆಯೂ ಉಂಟು. ರೇಷ್ಮೆ ಹುಳು ಸಾಕಿದವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಹುಳು ನಾಲ್ಕು ಸಾರಿ ಜ್ವರಕ್ಕೆ ಕೂರುತ್ತದೆ. ಆಗ ಅದು ಸೊಪ್ಪು ತಿನ್ನುವುದಿಲ್ಲ. ತಲೆ ಎತ್ತಿಕೊಂಡು ಅಲುಗಾಡದೆ ಇರುತ್ತದೆ. ನಾವು ಅದನ್ನು ಮುಟ್ಟುವುದಿಲ್ಲ. ಹಾಸಿಗೆ ಒಣಗಿರಲಿ ಅಂತ ಸುಣ್ಣದ ಪುಡಿ ಉದುರಿಸುತ್ತೀವಿ. ಸುಮಾರು ಒಂದು ದಿನ ಕಳೆದ ಮೇಲೆ ಹುಳು ಜ್ವರದಿಂದ ಏಳುತ್ತದೆ. ತಟ್ಟೆಯಲ್ಲಿ ಹಳೆಯ ಚರ್ಮ ಬಿದ್ದಿರುತ್ತದೆ.

ನಾವು ಜ್ವರ ಅಂತ ಕರೆದರೂ ಅದು ಕಾಯಿಲೆಯಲ್ಲ. ಹುಳುವಿನ ಚರ್ಮ ನಮ್ಮ ಚರ್ಮದ ಹಾಗೆ ಹಿಗ್ಗುವುದಿಲ್ಲ. ಮಗು ಬೆಳೆದ ಮೇಲೆ ಹಳೆಯ ಅಂಗಿ ಬಿಗಿಯಾಗುತ್ತದಲ್ಲ, ಹಾಗೆ ಹುಳುವಿಗೆ ತನ್ನ ಚರ್ಮವೇ ಬಿಗಿಯಾಗುತ್ತದೆ. ಆಗ ಅದು ಹಳೆಯ ಚರ್ಮದ ಒಳಗೇ ಹೊಸ ಚರ್ಮ ಹೆಣೆದುಕೊಳ್ಳುತ್ತದೆ. ಆಮೇಲೆ ಹಳೆಯದನ್ನು ಸೀಳಿ ಹೊರಗೆ ಬರುತ್ತದೆ. ಈ ಚರ್ಮಕ್ಕೆ ಗಟ್ಟಿತನ ಕೊಡುವ ಒಂದು ವಸ್ತು ಇದೆ. ಅದರ ಹೆಸರು ಕೈಟಿನ್. ಏಡಿಯ ಚಿಪ್ಪಿನಲ್ಲಿರುವುದೂ ಇದೇ. ಮನುಷ್ಯರ ಮೈಯಲ್ಲಿ, ದನಕರುಗಳ ಮೈಯಲ್ಲಿ ಕೈಟಿನ್ ಇಲ್ಲ.

ರೇಷ್ಮೆ ಹುಳು ಮಾತ್ರವಲ್ಲ. ಭತ್ತದ ಹುಳು, ಹತ್ತಿಯ ಹುಳು, ಸೊಳ್ಳೆಯ ಮರಿ, ಎಲ್ಲವೂ ಹೀಗೆಯೇ ಚರ್ಮ ಕಳಚಿ ಬೆಳೆಯಬೇಕು. ಬೇರೆ ದಾರಿ ಇಲ್ಲ.

ಹುಳು ಯಾವಾಗ ಚರ್ಮ ಬಿಡಬೇಕು, ಯಾವಾಗ ದೊಡ್ಡದಾಗಬೇಕು ಅಂತ ಹೇಳುವವರು ಯಾರು? ಅದರ ಮೈಯಲ್ಲೇ ಊರುವ ರಸಗಳು. ಒಂದು ರಸ 'ಈಗ ಚರ್ಮ ಬಿಡು' ಅನ್ನುತ್ತದೆ. ಇನ್ನೊಂದು ರಸ 'ನೀನು ಇನ್ನೂ ಮರಿ, ಮರಿಯಾಗಿಯೇ ಇರು' ಅನ್ನುತ್ತದೆ. ಈ ಎರಡನೆಯದನ್ನು ಎಳೆತನದ ರಸ ಅಂತ ಕರೆಯೋಣ. ಹುಳು ಬಲಿಯುವ ಹೊತ್ತಿಗೆ ಎಳೆತನದ ರಸ ಬತ್ತಬೇಕು. ಬತ್ತಿದರೆ ಮಾತ್ರ ರೇಷ್ಮೆ ಹುಳು ಹಣ್ಣಾಗಿ ಗೂಡು ಕಟ್ಟುತ್ತದೆ.

ಕಾಗದದ ಕತೆ

ಎಳೆತನದ ರಸದ ವಿಷಯದಲ್ಲಿ ಒಂದು ಸ್ವಾರಸ್ಯದ ಕತೆ ಉಂಟು. ಇದು ನಡೆದ ಕತೆ.

1960ರ ದಶಕದಲ್ಲಿ ಕಾರೆಲ್ ಸ್ಲಾಮ ಎಂಬ ವಿಜ್ಞಾನಿ ಯೂರೋಪಿನ ಪ್ರಾಗ್ ಊರಿನಿಂದ ಅಮೆರಿಕಕ್ಕೆ ಹೋದರು. ಅಲ್ಲಿ ಕ್ಯಾರಲ್ ವಿಲಿಯಮ್ಸ್ ಎಂಬ ವಿಜ್ಞಾನಿಯ ಜೊತೆ ಕೆಲಸ ಮಾಡಿದರು. ಸ್ಲಾಮ ತಮ್ಮ ಜೊತೆ ಒಂದು ಜಾತಿಯ ತಿಗಣೆ ತೆಗೆದುಕೊಂಡು ಹೋಗಿದ್ದರು. ಆ ತಿಗಣೆ ಐದು ಹಂತ ಮರಿಯಾಗಿ ಕಳೆದು, ಆಮೇಲೆ ರೆಕ್ಕೆ ಬಂದು ದೊಡ್ಡದಾಗಬೇಕು. ಅವರ ದೇಶದಲ್ಲಿ ಹಾಗೇ ಆಗುತ್ತಿತ್ತು. ಅಮೆರಿಕದಲ್ಲಿ ಮಾತ್ರ ಹಾಗೆ ಆಗಲಿಲ್ಲ. ಮರಿಗಳು ಮತ್ತೆ ಚರ್ಮ ಬಿಟ್ಟು ಇನ್ನೂ ದೊಡ್ಡ ಮರಿಗಳೇ ಆದವು. ರೆಕ್ಕೆ ಬರಲಿಲ್ಲ. ಕೊನೆಗೆ ಹಾಗೆಯೇ ಸತ್ತವು.

ನೀರು ಕಾರಣವೋ, ಮೇವು ಕಾರಣವೋ ಅಂತ ಹುಡುಕಿದರು. ಕೊನೆಗೆ ಸಿಕ್ಕಿದ್ದು ಕಾಗದ! ತಿಗಣೆ ಸಾಕುವ ಪಾತ್ರೆಯಲ್ಲಿ ಹಾಸಿದ್ದ ಅಮೆರಿಕದ ಕಾಗದವೇ ಕಾರಣವಾಗಿತ್ತು. ಆ ಕಾಗದವನ್ನು ಅಲ್ಲಿನ ಒಂದು ಮರದಿಂದ ಮಾಡುತ್ತಿದ್ದರು. ಆ ಮರದಲ್ಲಿ ಎಳೆತನದ ರಸದಂತೆ ನಟಿಸುವ ಒಂದು ವಸ್ತು ಇತ್ತು. ಅದು ತಿಗಣೆಯ ಮೈ ಸೇರಿ, 'ನೀನು ಮರಿ, ಮರಿ' ಅಂತ ಹೇಳುತ್ತಲೇ ಇತ್ತು. ತಿಗಣೆ ಬೆಳೆಯಲೇ ಇಲ್ಲ.

ವಿಷ ಹಾಕಿ ಕೊಲ್ಲದೆ, ಬೆಳವಣಿಗೆ ಕೆಡಿಸಿ ಹುಳುವನ್ನು ತಡೆಯಬಹುದು ಎಂಬುದು ಇಂಥ ಕೆಲಸಗಳಿಂದ ಗಟ್ಟಿಯಾಯಿತು. ಆಮೇಲೆ ಇಂಥ ಔಷಧಿಗಳು ಒಂದೊಂದಾಗಿ ಬಂದವು. ಇವಕ್ಕೆ ಕೀಟ ಬೆಳವಣಿಗೆ ನಿಯಂತ್ರಕ ಅಂತ ಹೆಸರು. ಕೆಲವು ಎಳೆತನದ ರಸದಂತೆ ನಟಿಸುತ್ತವೆ. ಕೆಲವು ಚರ್ಮ ಬಿಡುವ ರಸದಂತೆ ನಟಿಸಿ, ಹೊತ್ತಿಗೆ ಮುಂಚೆ ಚರ್ಮ ಬಿಡಿಸುತ್ತವೆ. ಇನ್ನು ಕೆಲವು ಹೊಸ ಚರ್ಮಕ್ಕೆ ಬೇಕಾದ ಕೈಟಿನ್ ತಯಾರಾಗದಂತೆ ಮಾಡುತ್ತವೆ. ಹೊಸ ಚರ್ಮ ಗಟ್ಟಿಯಾಗದೆ ಇದ್ದರೆ ಹುಳು ಹಳೆಯ ಚರ್ಮದಲ್ಲೇ ಸಿಕ್ಕಿಕೊಂಡು ಸಾಯುತ್ತದೆ.

ಈ ಮೂರನೆಯ ತರಹದ್ದೇ ಬುಪ್ರೊಫೆಜಿನ್. ಇದು ಜಪಾನ್ ದೇಶದಲ್ಲಿ ತಯಾರಾದದ್ದು. ಭತ್ತದ ಕಂದು ಜಿಗಿ ಹುಳುವಿಗೆ ಇದನ್ನು ಹೊಡೆಯುತ್ತಾರೆ. ಹೆಸರನ್ನು ಒಮ್ಮೆ ಬಿಡಿಸಿ ಓದೋಣ. ಬು-ಪ್ರೊ-ಫೆ-ಜಿನ್. ಕಂಪನಿ ಇಟ್ಟ ಹೆಸರು ಡಬ್ಬಿಯ ಮೇಲೆ ದೊಡ್ಡದಾಗಿ ಇರುತ್ತದೆ. ಈ ಹೆಸರು ಅದರ ಕೆಳಗೆ ಸಣ್ಣದಾಗಿ ಇರುತ್ತದೆ. ನಾವು ಓದಬೇಕಾದದ್ದು ಸಣ್ಣ ಹೆಸರನ್ನು.

ಕಂದು ಜಿಗಿ ಹುಳು

ಕಂದು ಜಿಗಿ ಹುಳು ಎಳ್ಳಿಗಿಂತ ತುಸು ದೊಡ್ಡದು. ಪೈರಿನ ಬುಡದಲ್ಲಿ, ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಗುಂಪಾಗಿ ಕೂತು ರಸ ಹೀರುತ್ತದೆ. ಬದುವಿನ ಮೇಲೆ ನಿಂತು ನೋಡಿದರೆ ಕಾಣುವುದಿಲ್ಲ. ಪೈರನ್ನು ಬಿಡಿಸಿ ಬುಡ ನೋಡಬೇಕು. ಕಳೆ ಕೀಳಲು ಬಗ್ಗಿದ ಹೆಂಗಸರ ಕಣ್ಣಿಗೇ ಇದು ಮೊದಲು ಬೀಳುವುದು.

ಹೆಣ್ಣು ಹುಳು ಪೈರಿನ ತೊಟ್ಟಿನ ಒಳಗೆ, ಸೀಳು ಮಾಡಿ ಮೊಟ್ಟೆ ಇಡುತ್ತದೆ. ಒಂದು ವಾರ, ಒಂಬತ್ತು ದಿನದಲ್ಲಿ ಮೊಟ್ಟೆ ಒಡೆದು ಮರಿ ಬರುತ್ತದೆ. ಮರಿ ಐದು ಸಾರಿ ಚರ್ಮ ಬಿಡುತ್ತದೆ. ಹೆಚ್ಚು ಕಡಿಮೆ ಎರಡು ವಾರದಲ್ಲಿ ಬಲಿತ ಹುಳು ಆಗುತ್ತದೆ. ಅದು ಬಿಟ್ಟ ಬಿಳಿಯ ಚರ್ಮ ಬುಡದ ನೀರಿನ ಮೇಲೆ ಹೊಟ್ಟಿನ ಹಾಗೆ ತೇಲುತ್ತದೆ. ಇದು ನಮಗೆ ಸಿಗುವ ಮೊದಲ ಗುರುತು.

ಹುಳು ಮಿತಿ ಮೀರಿದರೆ ಪೈರು ಹಳದಿಯಾಗಿ, ಒಣಗಿ, ಬೆಂಕಿ ತಗಲಿದ ಹಾಗೆ ಆಗುತ್ತದೆ. ಗದ್ದೆಯ ನಡುವೆ ದುಂಡಗೆ ಒಂದು ಸುಟ್ಟ ಜಾಗ ಕಾಣುತ್ತದೆ. ದಿನ ದಿನವೂ ಆ ದುಂಡು ಅಗಲವಾಗುತ್ತದೆ. ಆ ಜಾಗದಲ್ಲಿ ಕಾಳು ಕಟ್ಟುವುದಿಲ್ಲ.

ಕೂಡಲೆ ಕೊಲ್ಲುವ ವಿಷ ಏನು ಮಾಡುತ್ತದೆ?

ಕೂಡಲೆ ಕೊಲ್ಲುವ ವಿಷಗಳು ಹುಳುವಿನ ನರಕ್ಕೆ ಹೊಡೆಯುತ್ತವೆ. ಕ್ಲೋರ್‌ಪೈರಿಫಾಸ್, ಅಸಿಫೇಟ್, ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ಇವೆಲ್ಲ ಈ ಗುಂಪಿನವು. ನರ ಕೆಟ್ಟರೆ ಹುಳು ನಡುಗುತ್ತದೆ, ಕಾಲು ಬಡಿಯುತ್ತದೆ, ಬಿದ್ದು ಸಾಯುತ್ತದೆ. ಬೆಳಿಗ್ಗೆ ಹೊಡೆದರೆ ಸಂಜೆಗೆ ಸತ್ತ ಹುಳು ಕಾಣುತ್ತದೆ. ನೋಡಿದವರಿಗೆ ಸಮಾಧಾನ.

ಆದರೆ ನರ ಎಲ್ಲ ಜೀವಕ್ಕೂ ಇದೆ. ಜೇಡಕ್ಕೂ ಇದೆ, ಜೇನಿಗೂ ಇದೆ, ಮನುಷ್ಯರಿಗೂ ಇದೆ. ಕ್ಲೋರ್‌ಪೈರಿಫಾಸ್‌ನಂಥ ವಿಷ ನಮ್ಮ ಮೈಗೆ ಹೆಚ್ಚು ಸೇರಿದರೆ ಬೆವರು, ಜೊಲ್ಲು, ವಾಂತಿ ಬರುತ್ತದೆ. ಕಣ್ಣು ಮಂಜಾಗುತ್ತದೆ, ಉಸಿರು ಕಟ್ಟುತ್ತದೆ. ಹುಳುವಿನಲ್ಲಿ ಅದು ಕೆಡಿಸುವುದೂ ನಮ್ಮಲ್ಲಿ ಕೆಡಿಸುವುದೂ ಒಂದೇ ಬಗೆಯ ನರದ ಕೆಲಸ.

ಇನ್ನು ಜೇಡದ ಮಾತು. ಭತ್ತದ ಬುಡದಲ್ಲಿ ಓಡಾಡುವ ಒಂದು ಬೇಟೆ ಜೇಡ ಇದೆ. ಅದು ಬಲೆ ಕಟ್ಟುವುದಿಲ್ಲ, ಓಡಿ ಹಿಡಿಯುತ್ತದೆ. ದಿನಕ್ಕೆ 5ರಿಂದ 15 ಹುಳು ತಿನ್ನಬಲ್ಲದು. ಇನ್ನೊಂದು ಹಸಿರು ಬಣ್ಣದ ಸಣ್ಣ ತಿಗಣೆ ಇದೆ. ಅದು ಜಿಗಿ ಹುಳುವಿನ ಮೊಟ್ಟೆಯನ್ನು ಹುಡುಕಿ ಹೀರುತ್ತದೆ. ಇವರಿಬ್ಬರೂ ನಮ್ಮ ಗದ್ದೆಯ ಕೂಲಿ ಇಲ್ಲದ ಆಳುಗಳು.

ನರದ ವಿಷ ಹೊಡೆದ ದಿನ ಏನಾಗುತ್ತದೆ ನೋಡಿ. ಬುಡಕ್ಕೆ ತಗಲಿದಷ್ಟು ಜಿಗಿ ಹುಳು ಸಾಯುತ್ತದೆ. ಜೇಡವೂ ಸಾಯುತ್ತದೆ, ತಿಗಣೆಯೂ ಸಾಯುತ್ತದೆ. ಆದರೆ ತೊಟ್ಟಿನ ಒಳಗಿರುವ ಮೊಟ್ಟೆ ಉಳಿಯುತ್ತದೆ. ವಾರದಲ್ಲಿ ಮೊಟ್ಟೆ ಒಡೆಯುತ್ತದೆ. ಆಗ ಮರಿಗಳನ್ನು ತಿನ್ನುವವರೇ ಇಲ್ಲ. ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ಗುಂಪಿನಲ್ಲಿ ಇನ್ನೊಂದು ಕೆಡಕು ಉಂಟು. ಸಾಯದೆ ಉಳಿದ ಹೆಣ್ಣು ಹುಳು ಮುಂಚಿಗಿಂತ ಹೆಚ್ಚು ಮೊಟ್ಟೆ ಇಡುತ್ತದೆ ಅಂತ ಕಂಡುಕೊಂಡಿದ್ದಾರೆ. ಹೀಗೆ ಔಷಧಿ ಹೊಡೆದ ಗದ್ದೆಯಲ್ಲೇ ಹುಳು ಹೆಚ್ಚಾಗುತ್ತದೆ.

ಇದು ಬರೀ ಮಾತಲ್ಲ. ಇಂಡೋನೇಷ್ಯಾ ದೇಶದಲ್ಲಿ ಇದೇ ಹುಳು ಹೀಗೆಯೇ ಎದ್ದಿತು. ಹೊಡೆದಷ್ಟೂ ಹೆಚ್ಚಾಯಿತು. 1986ರಲ್ಲಿ ಅಲ್ಲಿನ ಸರ್ಕಾರ ಭತ್ತಕ್ಕೆ ಹೊಡೆಯುತ್ತಿದ್ದ 57 ಔಷಧಿಗಳನ್ನು ಒಂದೇ ಸಾರಿ ನಿಲ್ಲಿಸಿತು. ಜೇಡವನ್ನು ಉಳಿಸಿಕೊಳ್ಳಿ, ಹುಳು ಎಣಿಸಿ ನೋಡಿ ಅಂತ ರೈತರಿಗೆ ಕಲಿಸಿತು.

ಬುಪ್ರೊಫೆಜಿನ್ ಏನು ಮಾಡುತ್ತದೆ?

ಬುಪ್ರೊಫೆಜಿನ್ ಹೊಡೆದ ಸಂಜೆ ಗದ್ದೆಗೆ ಹೋದರೆ ಹುಳು ಹಾಗೇ ಕೂತಿರುತ್ತದೆ. ಮಾರನೆ ದಿನವೂ ಇರುತ್ತದೆ. ರಸ ಹೀರುತ್ತಲೂ ಇರುತ್ತದೆ. ಯಾಕೆ? ಔಷಧಿ ಅದರ ಮೈ ಸೇರಿದೆ. ಆದರೆ ಚರ್ಮ ಬಿಡುವ ಹೊತ್ತು ಬಂದಿಲ್ಲ. ಹೊತ್ತು ಬಂದಾಗ ಹೊಸ ಚರ್ಮ ಸರಿಯಾಗಿ ಆಗುವುದಿಲ್ಲ. ಆಗ ಮರಿ ಸಾಯುತ್ತದೆ. ಎಲ್ಲ ಮರಿಗಳೂ ಒಂದೇ ದಿನ ಚರ್ಮ ಬಿಡುವುದಿಲ್ಲ. ಇವತ್ತು ಕೆಲವು, ನಾಳೆ ಕೆಲವು. ಆದ್ದರಿಂದ ಮೂರನೆ ದಿನದಿಂದ ಹುಳು ಇಳಿಯುತ್ತದೆ. ಏಳನೆ ದಿನದ ಹೊತ್ತಿಗೆ ಚೆನ್ನಾಗಿ ಕಾಣುತ್ತದೆ.

ರೆಕ್ಕೆ ಬಂದು ಬಲಿತ ಹುಳು ಇನ್ನು ಚರ್ಮ ಬಿಡುವುದಿಲ್ಲ. ಅದಕ್ಕೆ ಸಾವಿಲ್ಲ. ಅದು ತನ್ನ ಆಯಸ್ಸು ಮುಗಿಸಿಯೇ ಹೋಗುತ್ತದೆ. ಆದರೆ ಔಷಧಿ ತಗಲಿದ ಹೆಣ್ಣು ಹುಳು ಇಡುವ ಮೊಟ್ಟೆ ಕಡಿಮೆ. ಇಟ್ಟ ಮೊಟ್ಟೆಯಲ್ಲೂ ಒಡೆಯುವುದು ಕಡಿಮೆ. ಔಷಧಿ ಪೈರಿನ ಮೇಲೆ ಎರಡು ಮೂರು ವಾರ ಉಳಿಯುತ್ತದೆ. ತೊಟ್ಟಿನೊಳಗಿನ ಹಳೆಯ ಮೊಟ್ಟೆಯಿಂದ ಬಂದ ಮರಿಗೂ ಅದು ತಗಲುತ್ತದೆ.

ಜೇಡ ಉಳಿಯುತ್ತದೆ. ಬುಪ್ರೊಫೆಜಿನ್ ಮುಖ್ಯವಾಗಿ ಜಿಗಿ ಹುಳು, ಬಿಳಿ ನೊಣ, ಹಿಟ್ಟು ತಿಗಣೆಗಳಂಥ ರಸ ಹೀರುವ ಹುಳುಗಳ ಮರಿಗೆ ಹತ್ತುತ್ತದೆ. ಜೇಡಕ್ಕೆ ಅಷ್ಟಾಗಿ ಹತ್ತುವುದಿಲ್ಲ. ಹಾಗಾಗಿ ಉಳಿದ ಹುಳುವನ್ನು ಜೇಡ ತಿನ್ನುತ್ತದೆ.

ಒಂದು ಎಕರೆಯ ಲೆಕ್ಕ

ಈಗ ಒಂದು ಎಕರೆ ಗದ್ದೆಯ ಲೆಕ್ಕ ಮಾಡೋಣ. ತಿಳಿಯಲಿ ಅಂತ ನಾವೇ ಕಟ್ಟಿಕೊಂಡ ಲೆಕ್ಕ ಇದು.

ಗದ್ದೆಯ ಒಂದು ಮೂಲೆಯಿಂದ ಎದುರು ಮೂಲೆಗೆ ನಡೆಯಬೇಕು. ದಾರಿಯಲ್ಲಿ 10 ಬುಡ ನೋಡಬೇಕು. ಪ್ರತಿ ಬುಡವನ್ನು ಓರೆ ಮಾಡಿ ಕೈಯಿಂದ ತಟ್ಟಿದರೆ ಹುಳು ನೀರಿಗೆ ಉದುರುತ್ತದೆ. ಎಣಿಸಿ ಪುಸ್ತಕದಲ್ಲಿ ಮೂರು ಸಾಲು ಬರೆಯಬೇಕು. ಮರಿ ಎಷ್ಟು? ರೆಕ್ಕೆ ಹುಳು ಎಷ್ಟು? ಜೇಡ ಎಷ್ಟು?

ನಮ್ಮ ಲೆಕ್ಕದಲ್ಲಿ ಮರಿ 140, ರೆಕ್ಕೆ ಹುಳು 20, ಜೇಡ 6 ಅಂತ ಇಟ್ಟುಕೊಳ್ಳೋಣ. ಹತ್ತು ಬುಡಕ್ಕೆ 160 ಹುಳು. ಒಂದು ಬುಡಕ್ಕೆ 16. ತೆಂಡೆ ಒಡೆಯುವ ಕಾಲದಲ್ಲಿ ಬುಡಕ್ಕೆ ಸುಮಾರು 10 ಹುಳು ದಾಟಿದರೆ ಔಷಧಿಯ ಯೋಚನೆ ಮಾಡಬೇಕು. ಅದಕ್ಕಿಂತ ಕಡಿಮೆ ಇದ್ದು ಜೇಡ ಚೆನ್ನಾಗಿದ್ದರೆ ಹೊಡೆಯುವ ಖರ್ಚೇ ಬೇಡ. ಇಲ್ಲಿ 16 ಇದೆ. ಹೆಚ್ಚಿನವು ಮರಿಗಳು. ಬುಪ್ರೊಫೆಜಿನ್‌ಗೆ ಇದೇ ಸರಿಯಾದ ಹೊತ್ತು.

ಬುಪ್ರೊಫೆಜಿನ್ 25 ಎಸ್‌ಸಿ ಎಂಬ ದ್ರವ ಔಷಧಿ ಹೆಕ್ಟೇರಿಗೆ 800 ಮಿಲಿ ಬೇಕು. ಎಕರೆಗೆ ಸುಮಾರು 320 ಮಿಲಿ ಆಯಿತು. ನೀರು 200 ಲೀಟರ್. ಅಂದರೆ ಲೀಟರ್ ನೀರಿಗೆ 1.6 ಮಿಲಿ. 16 ಲೀಟರ್ ಹಿಡಿಯುವ ಕ್ಯಾನಿಗೆ ಸುಮಾರು 25 ಮಿಲಿ. ಹೀಗೆ 12 ಕ್ಯಾನು ಚಿಲ್ಲರೆ ಆಗುತ್ತದೆ. ಅಳತೆ ಮುಚ್ಚಳದಿಂದಲೇ ಅಳೆಯಬೇಕು. ಡಬ್ಬಿಯ ಜೊತೆ ಬರುವ ಚೀಟಿಯಲ್ಲಿ ಬೇರೆ ಅಳತೆ ಬರೆದಿದ್ದರೆ ಆ ಅಳತೆಯನ್ನೇ ಹಿಡಿಯಬೇಕು.

ಹೊಡೆಯುವುದು ಎಲ್ಲಿಗೆ? ಬುಡಕ್ಕೆ. ಹುಳು ಬುಡದಲ್ಲಿದೆ. ಮೇಲಿನ ಗರಿ ನೆನೆದರೆ ಏನೂ ಉಪಯೋಗವಿಲ್ಲ. ಪೈರನ್ನು ಕೋಲಿನಿಂದ ಸರಿಸುತ್ತಾ ನಳಿಕೆಯನ್ನು ಬುಡಕ್ಕೆ ಹಿಡಿಯಬೇಕು. ನಾಟಿ ಮಾಡುವಾಗಲೇ ಎಂಟು ಹತ್ತು ಸಾಲಿಗೆ ಒಂದು ಅಡಿಯ ಓಣಿ ಬಿಟ್ಟಿದ್ದರೆ ಈ ಕೆಲಸ ಸುಲಭ. ಗಾಳಿ ಬೆಳಕೂ ಬುಡಕ್ಕೆ ಹೋಗುತ್ತದೆ. ಹೊಡೆಯುವ ಮುಂಚೆ ಗದ್ದೆಯ ನೀರು ಬಸಿದರೆ ಇನ್ನೂ ಒಳ್ಳೆಯದು.

ಈಗ ದಿನ ಎಣಿಸೋಣ.

ಒಂದನೆ ದಿನ ಹತ್ತು ಬುಡ ತಟ್ಟಿದರೆ ಮರಿ 135. ಏನೂ ಆಗಿಲ್ಲ ಅನ್ನಿಸುತ್ತದೆ. ಮೂರನೆ ದಿನ 105. ಐದನೆ ದಿನ 50. ಏಳನೆ ದಿನ 20. ಸತ್ತ ಮರಿಯನ್ನು ಹತ್ತಿರದಿಂದ ನೋಡಿದರೆ ಹಳೆಯ ಚರ್ಮ ಅರ್ಧ ಸೀಳಿ, ಮೈ ಒಳಗೇ ಸಿಕ್ಕಿಕೊಂಡಿರುವುದು ಕಾಣುತ್ತದೆ. ಔಷಧಿ ಕೆಲಸ ಮಾಡಿದೆ ಎಂಬುದಕ್ಕೆ ಇದೇ ಗುರುತು. ಹತ್ತನೆ ದಿನ ಹೊಸದಾಗಿ ಒಡೆದ ಪುಟ್ಟ ಮರಿಗಳು ಕಾಣಬಹುದು. ಅವೂ ಮುಂದಿನ ಚರ್ಮ ಬಿಡುವಾಗ ಸಾಯುತ್ತವೆ. ಜೇಡ ಮೊದಲಿನ ಹಾಗೆಯೇ 6.

ಇದೇ ಗದ್ದೆಗೆ ನರದ ವಿಷ ಹೊಡೆದಿದ್ದರೆ ಒಂದನೆ ದಿನ ಮರಿ 15, ಜೇಡ ಸೊನ್ನೆ. ಏಳನೆ ದಿನ ಮರಿ 60. ಹದಿನೈದನೆ ದಿನ 160 ದಾಟಿರುತ್ತದೆ. ಮತ್ತೆ ಹೊಡೆಯಬೇಕು. ಮತ್ತೆ ಸಾಲ.

ಎಡವುವುದು ಎಲ್ಲಿ?

ಹೆಚ್ಚಿನವರು ಎಡವುವುದು ಎರಡನೆಯ ದಿನ. ಗದ್ದೆಗೆ ಹೋಗಿ ಬಂದ ಯಜಮಾನರು 'ಅಂಗಡಿಯವನು ಮೋಸ ಮಾಡ್ದ, ಒಂದು ಹುಳೂ ಸತ್ತಿಲ್ಲ' ಅಂತಾರೆ. ಮೂರನೆ ದಿನ ಬೇರೆ ವಿಷ ತಂದು ಹೊಡೀತಾರೆ. ಬುಪ್ರೊಫೆಜಿನ್‌ಗೆ ಕೊಟ್ಟ ದುಡ್ಡು ಹೋಯಿತು. ಜೇಡ ಹೋಯಿತು. ಹುಳು ಸತ್ತ ಪುಣ್ಯ ಎರಡನೆ ಔಷಧಿಗೆ ಹೋಯಿತು! ಹೊಡೆದ ದಿನವನ್ನು ಬರೆದಿಟ್ಟು, ಏಳು ದಿನ ಕಾದು, ಆಮೇಲೆ ಎಣಿಸಿ ಮಾತಾಡಬೇಕು.

'ಹಂಗಾದ್ರೆ ಯಾವಾಗ್ಲೂ ಇದನ್ನೇ ಹೊಡೀಬೋದಾ ಅಕ್ಕಾ?' ಅಂತ ಕೇಳಬಹುದು. ಇಲ್ಲ. ಎಣಿಸಿದಾಗ ರೆಕ್ಕೆ ಹುಳುವೇ ಹೆಚ್ಚಿದ್ದರೆ ಇದು ತಕ್ಷಣಕ್ಕೆ ಉಪಯೋಗಕ್ಕೆ ಬರುವುದಿಲ್ಲ. ಗದ್ದೆಯಲ್ಲಿ ಸುಟ್ಟ ದುಂಡು ಆಗಲೇ ಕಂಡಿದ್ದರೆ ಏಳು ದಿನ ಕಾಯಲು ಪೈರಿಗೆ ಶಕ್ತಿ ಇಲ್ಲ. ಆಗ ನೀರು ಬಸಿದು ಮೂರು ನಾಲ್ಕು ದಿನ ಗದ್ದೆ ಆರಲು ಬಿಡಬೇಕು. ಯೂರಿಯಾ ನಿಲ್ಲಿಸಬೇಕು. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ, ಸುಟ್ಟ ಜಾಗಕ್ಕೂ ಅದರ ಸುತ್ತಲಿಗೂ ಮಾತ್ರ ಬೇಗ ಕೊಲ್ಲುವ ಔಷಧಿ ಹೊಡೆಯಬೇಕಾಗಬಹುದು. ಆಗಲೂ ಸೈಪರ್‌ಮೆಥ್ರಿನ್ ಗುಂಪಿನದು ಬೇಡ.

ಕಾಂಡ ಕೊರೆಯುವ ಹುಳುವಿಗೂ ಬುಪ್ರೊಫೆಜಿನ್ ನಾಟುವುದಿಲ್ಲ. ಒಂದೇ ಔಷಧಿಯನ್ನು ಮತ್ತೆ ಮತ್ತೆ ಹೊಡೆದರೆ ಜಿಗಿ ಹುಳುವೂ ಅದಕ್ಕೆ ಬಗ್ಗದ ಹಾಗೆ ಆಗುತ್ತದೆ. ಚೀನಾ ದೇಶದಲ್ಲಿ ಹಾಗೆ ಆಗಿದೆ. ಹಾಗಾಗಿ ಪ್ರತಿ ಸಾರಿಯೂ ಇದನ್ನೇ ಹೊಡೆಯಬಾರದು.

ಇನ್ನೊಂದು ಎಚ್ಚರಿಕೆ. ಕೆಲವು ಡಬ್ಬಿಯ ಮೇಲೆ ಎರಡು ಹೆಸರು ಇರುತ್ತವೆ. ಬುಪ್ರೊಫೆಜಿನ್ ಮತ್ತು ಅಸಿಫೇಟ್ ಅಂತ ಇದ್ದರೆ ಅದು ಬೆರಕೆ ಔಷಧಿ. ಅದರಲ್ಲಿ ನರದ ವಿಷವೂ ಸೇರಿದೆ. ಹುಳು ಬೇಗ ಸಾಯುತ್ತದೆ ನಿಜ. ಆದರೆ ಜೇಡಕ್ಕೂ ನಮಗೂ ಇರುವ ಅಪಾಯ ನರದ ವಿಷದ್ದೇ. ಆದ್ದರಿಂದ ಸಣ್ಣ ಅಕ್ಷರದ ಹೆಸರನ್ನು ಕೊನೆಯವರೆಗೆ ಓದಬೇಕು.

ರೇಷ್ಮೆ ಮನೆಗೆ ಎಚ್ಚರ

ಬೆಳವಣಿಗೆ ತಡೆಯುವ ಔಷಧಿ ಮನುಷ್ಯರಿಗೆ ಅಪಾಯ ಕಡಿಮೆ ಅಂದೆವು. ಆದರೆ ರೇಷ್ಮೆ ಹುಳು ಮನುಷ್ಯನಲ್ಲ, ಅದೂ ಹುಳುವೇ. ಟೊಮೇಟೊ, ಕೋಸಿನ ಹುಳುವಿಗೆ ನೊವಾಲ್ಯುರಾನ್ ಎಂಬ ಔಷಧಿ ಹೊಡೆಯುತ್ತಾರೆ. ಇದೂ ಕೈಟಿನ್ ತಡೆಯುವುದೇ. ಇದು ಗಾಳಿಯಲ್ಲಿ ತೇಲಿ ಪಕ್ಕದ ಹಿಪ್ಪುನೇರಳೆ ಸೊಪ್ಪಿಗೆ ಬಿದ್ದರೆ ರೇಷ್ಮೆ ಹುಳು ಜ್ವರದಿಂದ ಏಳುವುದಿಲ್ಲ.

ಬಿಳಿ ನೊಣಕ್ಕೆ ಹೊಡೆಯುವ ಪೈರಿಪ್ರಾಕ್ಸಿಫೆನ್ ಇನ್ನೂ ಮೋಸದ್ದು. ಅದು ಎಳೆತನದ ರಸದಂತೆ ನಟಿಸುವ ಔಷಧಿ. ರೇಷ್ಮೆ ಹುಳು ಸಾಯುವುದಿಲ್ಲ. ಸೊಪ್ಪು ತಿನ್ನುತ್ತದೆ, ದಪ್ಪವಾಗುತ್ತದೆ. ನೋಡುವವರಿಗೆ ಬೆಳೆ ಚೆನ್ನಾಗಿದೆ ಅನ್ನಿಸುತ್ತದೆ. ಆದರೆ ಹಣ್ಣಾಗುವುದಿಲ್ಲ. ಚಂದ್ರಿಕೆಗೆ ಬಿಟ್ಟರೂ ಗೂಡು ಕಟ್ಟುವುದಿಲ್ಲ. ಕಾಗದದ ಕತೆಯ ತಿಗಣೆಯ ಹಾಗೆ, ಅದು ಮರಿಯಾಗಿಯೇ ಉಳಿಯುತ್ತದೆ. 1990ರ ಆಸುಪಾಸಿನಲ್ಲಿ ಇಟಲಿ ದೇಶದ ಉತ್ತರ ಭಾಗದಲ್ಲಿ ಹಣ್ಣಿನ ತೋಟಕ್ಕೆ ಹೊಡೆದ ಇಂಥದೇ ಒಂದು ಔಷಧಿಯಿಂದ ರೇಷ್ಮೆ ಬೆಳೆ ಕೆಟ್ಟಿತು. ಹುಳು ಗೂಡು ಕಟ್ಟದೆ ಹೋಯಿತು.

ಆದ್ದರಿಂದ ಹಿಪ್ಪುನೇರಳೆ ತೋಟದ ಪಕ್ಕದ ಹೊಲದವರು ಯಾವ ಔಷಧಿ ಹೊಡೆಯುತ್ತಾರೆ, ಯಾವ ದಿನ ಹೊಡೆಯುತ್ತಾರೆ ಅಂತ ಕೇಳಿ ತಿಳಿಯಬೇಕು. ಗಾಳಿ ಬೀಸುವ ಹೊತ್ತಿನಲ್ಲಿ ಹೊಡೆಯಬೇಡಿ ಅಂತ ಹೇಳಬೇಕು. ತೇಲಿ ಬಂದು ಬಿದ್ದಿದೆ ಅನ್ನಿಸಿದರೆ ಆ ಬದಿಯ ಸಾಲುಗಳ ಸೊಪ್ಪನ್ನು ಹುಳುವಿಗೆ ಹಾಕಬಾರದು. ಔಷಧಿ ಹೊಡೆದ ಕ್ಯಾನಿನಲ್ಲಿ ಸೊಪ್ಪಿಗೆ ನೀರು ಚಿಮುಕಿಸಬಾರದು. ಔಷಧಿ ಕಲಸಿದ ಕೈಯಲ್ಲಿ, ಅದೇ ಸೀರೆಯಲ್ಲಿ ಹುಳು ಮನೆಗೆ ಕಾಲಿಡಬಾರದು.

ಕ್ಯಾನನ್ನು ನಾಲೆಯಲ್ಲಿ, ಕೆರೆಯಲ್ಲಿ ತೊಳೆಯುವುದೂ ಬೇಡ. ಏಡಿ, ಸೀಗಡಿ ಇವೂ ಚಿಪ್ಪು ಕಳಚಿ ಬೆಳೆಯುವ ಜೀವಗಳೇ. ಕೈಟಿನ್ ತಡೆಯುವ ಔಷಧಿ ಅವನ್ನೂ ಕೊಲ್ಲಬಲ್ಲದು.

ನಮಗೆ ಅಪಾಯ ಕಡಿಮೆ ಅಂದ ಮಾತ್ರಕ್ಕೆ ಬರಿಗೈಯಲ್ಲಿ ಕಲಸಬಹುದು ಅಂತ ಅಲ್ಲ. ಡಬ್ಬಿಯಲ್ಲಿ ಔಷಧಿಯ ಜೊತೆ ಬೇರೆ ದ್ರವಗಳೂ ಇರುತ್ತವೆ. ಕಣ್ಣಿಗೆ, ಚರ್ಮಕ್ಕೆ ಉರಿ ಆಗಬಹುದು. ಕೈಗೆ ಚೀಲ ಹಾಕಿ, ಮೂಗು ಬಾಯಿಗೆ ಬಟ್ಟೆ ಕಟ್ಟಿ, ಕೋಲಿನಿಂದ ಕಲಸಬೇಕು. ಖಾಲಿ ಡಬ್ಬಿಯಲ್ಲಿ ಎಣ್ಣೆ, ನೀರು ತುಂಬಬಾರದು. ಯಾರಾದರೂ ಕುಡಿದರೆ, ಅಥವಾ ಹೊಡೆದ ಮೇಲೆ ತಲೆ ಸುತ್ತಿ ವಾಂತಿ ಆದರೆ, ಡಬ್ಬಿಯನ್ನೂ ಚೀಟಿಯನ್ನೂ ಹಿಡಿದುಕೊಂಡೇ ಆಸ್ಪತ್ರೆಗೆ ಓಡಬೇಕು. ಯಾವ ಔಷಧಿ ಅಂತ ತಿಳಿದರೆ ಡಾಕ್ಟರು ಸರಿಯಾದ ಮದ್ದು ಬೇಗ ಕೊಡುತ್ತಾರೆ.

ಗೋಡೆಗೆ ಬರೆದು ಅಂಟಿಸಲು

ಬುಡ ತಟ್ಟಿ ಎಣಿಸು. ಮರಿ, ರೆಕ್ಕೆ ಹುಳು, ಜೇಡ, ಮೂರನ್ನೂ ಬರೆ.

ಮರಿ ಹೆಚ್ಚಿದ್ದರೆ ಬೆಳವಣಿಗೆ ತಡೆಯುವ ಔಷಧಿ. ಬುಡಕ್ಕೆ ಹೊಡೆ.

ಹೊಡೆದ ದಿನ ಬರೆ. ಏಳು ದಿನ ಕಾದು ಮತ್ತೆ ಎಣಿಸು.

ಡಬ್ಬಿಯ ಸಣ್ಣ ಹೆಸರು ಓದು. ಎರಡು ಹೆಸರಿದ್ದರೆ ಎರಡನ್ನೂ ಓದು.

ಪಕ್ಕದಲ್ಲಿ ಹಿಪ್ಪುನೇರಳೆ ಇದ್ದರೆ, ಹೊಡೆಯುವ ಮುಂಚೆ ಅವರಿಗೆ ಹೇಳು.